ಸ್ಕ್ರೀನ್‌ಶಾಟ್ ನೋಡಿ ‘ಖರೇ ಐತಿ’ ಅಂದವನು ನಾನೇ



ಸ್ವಲ್ಪ ಉದ್ದದ ಬರಹ. ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಹೋದ ವಾರ ಒಂದಿನ ರಾತ್ರಿ ಒಂಬತ್ತೂವರೆ ಸುಮಾರಿಗೆ ನಮ್ಮ ಬಂಡ್ರಿಯ ಒಬ್ಬ ಹುಡುಗಿ ವಾಟ್ಸಾಪಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಹೊಸಪೇಟೆಯಲ್ಲಿ ಬಿ.ಕಾಂ ಓದ್ತಾಳೆ, ಹಾಸ್ಟೆಲಲ್ಲಿ ಇರ್ತಾಳೆ. ಅಪ್ಪ ಅವ್ವ ಇಬ್ಬರದೂ ಕೂಲಿ. ಸ್ಕ್ರೀನ್‌ಶಾಟ್ ಕೆಳಗೆ ಒಂದೇ ಸಾಲು: "ಅಣ್ಣಾ, ಇದು ಖರೇನಾ? ಲಗೂನ ಹೇಳು."

ಅದೊಂದು ಇಮೇಲ್‌ನ ಚಿತ್ರ. ಮೇಲೆ ಕಳಿಸಿದವರ ಹೆಸರು ‘ಎಸ್‌ಎಸ್‌ಪಿ ಕರ್ನಾಟಕ ವಿದ್ಯಾರ್ಥಿವೇತನ ವಿಭಾಗ’. ವಿಷಯ: ‘ಅಂತಿಮ ಸೂಚನೆ – ನಿಮ್ಮ ವಿದ್ಯಾರ್ಥಿವೇತನ 24 ಗಂಟೆಗಳಲ್ಲಿ ರದ್ದಾಗಲಿದೆ’. ಒಳಗೆ, ಪ್ರಿಯ ವಿದ್ಯಾರ್ಥಿ, ನಿಮ್ಮ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ವಿಫಲವಾಗಿರುವುದರಿಂದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ತಡೆಹಿಡಿಯಲಾಗಿದೆ, ನಾಳೆ ರಾತ್ರಿ 9ರ ಒಳಗೆ ಕೆಳಗಿನ ಲಿಂಕ್‌ನಲ್ಲಿ ದೃಢೀಕರಿಸಿ, 10 ರೂಪಾಯಿ ಪರಿಶೀಲನಾ ಶುಲ್ಕ ಪಾವತಿಸಿ, ತಪ್ಪಿದಲ್ಲಿ ಮೊತ್ತ ಸರ್ಕಾರಕ್ಕೆ ವಾಪಸ್ ಹೋಗುತ್ತದೆ, ಅಂತ ಇತ್ತು. ಅದರ ಕೆಳಗೆ ನೀಲಿ ಅಕ್ಷರದಲ್ಲಿ, ಅಡಿಗೆರೆ ಹಾಕಿದ ವಿಳಾಸ:

```
https://ssp.postmatric.karnataka.gov.in
```

ಇದು ನಿಜವಾದ ಪೋರ್ಟಲ್ ವಿಳಾಸವೇ. ಪ್ರತಿ ವರ್ಷ ನಮ್ಮ ಕೇರಿಯ ಮಕ್ಕಳಿಗೆ ಅರ್ಜಿ ಹಾಕಿಸೋನು ನಾನು, ಈ ವಿಳಾಸ ನನಗೆ ಬಾಯಿಪಾಠ. ಆದರೂ ಅನುಮಾನ ಪರಿಹಾರ ಆಗ್ಲಿ ಅಂತ ಸ್ಕ್ರೀನ್‌ಶಾಟ್ ನೋಡ್ಕೊಂಡು ಅಕ್ಷರ ಅಕ್ಷರ ನನ್ನ ಫೋನಲ್ಲಿ ಟೈಪ್ ಮಾಡಿದೆ. ಸರ್ಕಾರದ ಅದೇ ಪೋರ್ಟಲ್ ತೆರೀತು. "ಖರೇ ಐತಿ ತಂಗಿ, ತುಂಬು" ಅಂದುಬಿಟ್ಟೆ.

ನಾನು ಎಡವಿದ್ದು ಇಲ್ಲಿ. ನಾನು ಟೈಪ್ ಮಾಡಿದ್ದು ಕಣ್ಣಿಗೆ ಕಾಣೋ ಅಕ್ಷರಗಳನ್ನ. ಆ ಹುಡುಗಿ ಬೆರಳಿಟ್ಟು ಒತ್ತಿದ್ದು ಆ ಅಕ್ಷರಗಳ ಹಿಂದೆ ಅಡಗಿದ್ದ ಇನ್ನೊಂದು ವಿಳಾಸವನ್ನ. ಇಮೇಲಲ್ಲಿ ಲಿಂಕ್ ಅಂದ್ರೆ ಎರಡು ಭಾಗ: ಮೇಲೆ ಕಾಣೋ ಬರಹ, ಒಳಗೆ ಇರೋ ವಿಳಾಸ. ಕಳಿಸೋನು ಎರಡನ್ನೂ ಬೇರೆ ಬೇರೆ ಬರೀಬಹುದು, ಯಾರೂ ತಡೆಯಲ್ಲ. ಬಸ್ಸಿನ ಬೋರ್ಡಿನ ಹಾಗೆ. ಬೋರ್ಡಿನ ಮೇಲೆ ‘ಸಂಡೂರು’ ಅಂತ ಇದ್ದ ಮಾತ್ರಕ್ಕೆ ಡ್ರೈವರ್ ಅಲ್ಲಿಗೇ ಹೊಡೀತಾನೆ ಅಂತ ಏನಿಲ್ಲ. ಸ್ಕ್ರೀನ್‌ಶಾಟ್ ಅಂದ್ರೆ ಬರೀ ಬೋರ್ಡಿನ ಫೋಟೋ. ನಾನು ಬೋರ್ಡಿನ ಕಾಗುಣಿತ ಸರಿ ಐತೋ ಇಲ್ಲೋ ನೋಡಿ, ಬಸ್ ಹತ್ತವ್ವಾ ಅಂತ ಹೇಳಿದ್ದೆ.

ಹತ್ತು ನಿಮಿಷ ಕಳೆದ ಮೇಲೆ ಆ 10 ರೂಪಾಯಿ ತಲೆಯಲ್ಲಿ ಕೊರೆಯೋಕೆ ಶುರುವಾಯ್ತು. ಇಷ್ಟು ವರ್ಷ ಅರ್ಜಿ ಹಾಕಿಸಿದೀನಿ, ಆ ಪೋರ್ಟಲ್‌ನಲ್ಲಿ ಒಂದು ರೂಪಾಯಿ ಶುಲ್ಕ ಕಟ್ಟಿದ ನೆನಪಿಲ್ಲ. (ಸೈಬರ್ ಸೆಂಟರಿನವರು ತಗೊಳ್ಳೋದು ಬೇರೆ ಲೆಕ್ಕ.) ಆಧಾರ್ ಜೋಡಣೆ ಅನ್ನೋದಂತೂ ಬ್ಯಾಂಕಿನ ಮೂಲಕ ಆಗೋ ಕೆಲಸ. ವಿದ್ಯಾರ್ಥಿವೇತನ ಕೊಡೋ ಇಲಾಖೆ ಅದಕ್ಕೆ ಲಿಂಕ್ ಕಳಿಸಿ ದುಡ್ಡು ಕೇಳೋ ಪ್ರಶ್ನೆಯೇ ಬರಲ್ಲ. ಫೋನ್ ಮಾಡಿದೆ. ಅಷ್ಟೊತ್ತಿಗೆ ಅವಳು ಪೋರ್ಟಲ್‌ನ ಐಡಿ, ಪಾಸ್‌ವರ್ಡ್, ಆಧಾರ್ ನಂಬರ್ ಎಲ್ಲಾ ತುಂಬಿ ಮುಗಿಸಿದ್ದಳು. ಡೆಬಿಟ್ ಕಾರ್ಡ್ ನಂಬರ್ ಕೇಳೋ ಪುಟದಲ್ಲಿ ನಿಂತಿದ್ದಳು. ಕಾರ್ಡ್ ಅಪ್ಪನ ಹತ್ರ ಇತ್ತು, ಅಪ್ಪ ಊರಲ್ಲಿ ಮಲಗಿದ್ದರು. ಉಳಿದಿದ್ದು ಅಷ್ಟಕ್ಕೆ. ನನ್ನ ಜಾಣತನದಿಂದ ಅಲ್ಲ.

ಆಮೇಲೆ ಅವಳಿಂದ ಇನ್ನೆರಡು ಸ್ಕ್ರೀನ್‌ಶಾಟ್ ತರಿಸಿಕೊಂಡೆ. ಮೊದಲೇ ಕೇಳಬೇಕಾಗಿದ್ದವು ಅವು.

ಮೊದಲನೇದು ಕಳಿಸಿದವರ ಪೂರ್ತಿ ವಿಳಾಸ. ಫೋನಿನ ಜಿಮೇಲ್ ಆ್ಯಪ್‌ನಲ್ಲಿ ಮೇಲ್ ತೆರೆದಾಗ ಹೆಸರು ಮಾತ್ರ ದೊಡ್ಡದಾಗಿ ಕಾಣುತ್ತೆ, ವಿಳಾಸ ಮಡಚಿಕೊಂಡಿರುತ್ತೆ. ಹೆಸರಿನ ಕೆಳಗೆ ಯಾರಿಗೆ ಬಂದಿದೆ ಅಂತ ತೋರಿಸೋ ಸಣ್ಣ ಸಾಲು, ಅದರ ಪಕ್ಕ ಒಂದು ಪುಟ್ಟ ಬಾಣ ಇರುತ್ತಲ್ಲ, ಅದನ್ನ ಮುಟ್ಟಿದ್ರೆ ಬಿಚ್ಚಿಕೊಳ್ಳುತ್ತೆ. ಹೆಸರು ಅನ್ನೋದು ಕಳಿಸೋನು ತಾನೇ ಬರೆದುಕೊಳ್ಳೋ ಪಟ್ಟಿ ಅಷ್ಟೇ. ನಾನು ಇವತ್ತು ನನ್ನ ಜಿಮೇಲ್‌ಗೆ ‘ಜಿಲ್ಲಾಧಿಕಾರಿಗಳು, ಬಳ್ಳಾರಿ’ ಅಂತ ಹೆಸರು ಇಟ್ಟುಕೊಂಡು ನಿಮಗೆಲ್ಲಾ ಮೇಲ್ ಹಾಕಬಹುದು. ನೋಡಬೇಕಾದ್ದು ವಿಳಾಸದಲ್ಲಿ @ ಆದ ಮೇಲಿನ ಭಾಗ. ಅವಳಿಗೆ ಬಂದ ಮೇಲ್‌ನಲ್ಲಿ ಅದು ಹೀಗಿತ್ತು (ಯಾರೂ ಒತ್ತದಿರಲಿ ಅಂತ ಕೊನೆಯ ತುಂಡನ್ನ ಬದಲಿಸಿ .example ಅಂತ ಹಾಕಿದೀನಿ, ಆ ಹೆಸರಲ್ಲಿ ಯಾರೂ ಸೈಟ್ ಮಾಡೋಕೆ ಬರಲ್ಲ):

```
ssp.helpdesk@scholarship-verify.example
```

@ ಮುಂಚಿನ ‘ssp.helpdesk’ ನೋಡಿ ಮರುಳಾಗಬೇಡಿ, ಅದನ್ನೂ ಅವರೇ ಆರಿಸಿಕೊಳ್ಳೋದು. ಸರ್ಕಾರಕ್ಕೆ ಸೇರಿದ್ದಾದ್ರೆ @ ಆದ ಮೇಲಿನ ಭಾಗ gov.in ಅಥವಾ nic.in ಅಂತ ಮುಗಿಯಬೇಕಿತ್ತು. ಈ ಎರಡು ಹೆಸರನ್ನ ದುಡ್ಡು ಕೊಟ್ಟು ಯಾರು ಬೇಕಾದ್ರೂ ಕೊಳ್ಳೋಕೆ ಆಗಲ್ಲ, ಸರ್ಕಾರಿ ಕಚೇರಿಗಳಿಗೆ ಮಾತ್ರ ಸಿಗೋದು.

ಇಲ್ಲೊಂದು ಮಾತು ಹೇಳದೇ ಇರೋಕಾಗಲ್ಲ. ನಮ್ಮ ಕಡೆ ಎಷ್ಟೋ ಕಚೇರಿಗಳು, ಹಾಸ್ಟೆಲ್‌ಗಳು, ಕಾಲೇಜುಗಳು ಇವತ್ತಿಗೂ ಸಾದಾ ಜಿಮೇಲ್ ಖಾತೆಯಿಂದಲೇ ಸುತ್ತೋಲೆ ಕಳಿಸ್ತವೆ. ಒಂದು ಕಡೆ ‘ಸೈಬರ್ ಜಾಗೃತಿ’ ಅಂತ ಬ್ಯಾನರ್ ಕಟ್ತಾರೆ, ಇನ್ನೊಂದು ಕಡೆ ಗುರುತು ಸಿಗದ ವಿಳಾಸದಿಂದ ಮಕ್ಕಳ ಆಧಾರ್ ಪ್ರತಿ ಕೇಳ್ತಾರೆ. ಗುರುತಿಲ್ಲದ ವಿಳಾಸವನ್ನ ನಂಬೋ ಅಭ್ಯಾಸ ಮಕ್ಕಳಿಗೆ ಮಾಡಿಸಿದ್ದು ಯಾರು ಹಾಗಾದ್ರೆ? ಅದಕ್ಕೇ ಜಿಮೇಲ್‌ನಿಂದ ಬಂದಿದ್ದೆಲ್ಲಾ ಮೋಸ ಅಂತ ನಾನು ಹೇಳಲ್ಲ. ಅಂಥ ಮೇಲ್ ನೋಡಿ ಯಾವ ಲಿಂಕನ್ನೂ ಒತ್ತಬೇಡಿ, ಕಚೇರಿಗೆ ಫೋನ್ ಮಾಡಿ ಕೇಳಿ ಅಂತ ಹೇಳ್ತೀನಿ.

ಎರಡನೇದು ಲಿಂಕಿನ ಒಳಗಿನ ವಿಳಾಸ. ಫೋನಲ್ಲಿ ಲಿಂಕನ್ನ ಟಕ್ ಅಂತ ಮುಟ್ಟದೆ ಬೆರಳನ್ನ ಅದರ ಮೇಲೆ ಒತ್ತಿ ಹಿಡಿದ್ರೆ ಒಂದು ಸಣ್ಣ ಪಟ್ಟಿ ಏಳುತ್ತೆ, ಅದರ ತಲೆಯ ಮೇಲೆ ನಿಜವಾದ ವಿಳಾಸ ಇರುತ್ತೆ. ಕಂಪ್ಯೂಟರಲ್ಲಿ ಆದ್ರೆ ಮೌಸನ್ನ ಲಿಂಕಿನ ಮೇಲೆ ಇಟ್ಟು ಒತ್ತದೆ ಸುಮ್ಮನೆ ಬಿಡಿ, ಪರದೆಯ ಎಡಗಡೆ ಕೆಳಮೂಲೆಯಲ್ಲಿ ತೋರಿಸುತ್ತೆ. ಹುಡುಗಿಗೆ ಮೊದಲ ಸಲ ಬೆರಳು ಜಾರಿ ಪುಟವೇ ತೆರೆದುಕೊಂಡ್ತು, ಮುಚ್ಚಿ ಮತ್ತೆ ಹಿಡಿದಳು. ಆಗ ಕಂಡಿದ್ದು:

```
https://ssp.postmatric.karnataka.gov.in.scholarship-verify.example/login
```

ನೋಡಿ ಎಷ್ಟು ಚೆನ್ನಾಗಿ ನೇಯ್ದಿದ್ದಾರೆ. ಶುರುವಿನಿಂದ ಓದಿಕೊಂಡು ಹೋದ್ರೆ ಪೂರ್ತಿ ಸರ್ಕಾರದ ವಿಳಾಸ. ಫೋನಿನ ಸಣ್ಣ ಪರದೆಯಲ್ಲಿ ಅರ್ಧ ಮಾತ್ರ ಕಂಡ್ರೆ ಅಲ್ಲಿಗೇ ನಿಮ್ಮ ಅನುಮಾನ ಮುಗೀತು. ಆದರೆ ಇಂಟರ್‌ನೆಟ್ ವಿಳಾಸವನ್ನ ಹಿಂದಿನಿಂದ ಓದಬೇಕು, ನಾವು ಅಂಚೆ ವಿಳಾಸ ಓದೋ ಹಾಗೆ. ‘ಬಂಡ್ರಿ, ಸಂಡೂರು ತಾಲ್ಲೂಕು, ಬಳ್ಳಾರಿ ಜಿಲ್ಲೆ’ ಅಂತ ಬರೆದಾಗ ಅಂಚೆಯವರು ಮೊದಲು ನೋಡೋದು ಕೊನೆಯ ಜಿಲ್ಲೆಯನ್ನ. ಯಾರೋ ಕೂಡ್ಲಿಗಿಯಲ್ಲಿ ‘ವಿಧಾನಸೌಧ ಬೆಂಗಳೂರು ಟೀ ಸ್ಟಾಲ್’ ಅಂತ ಅಂಗಡಿ ಇಟ್ಟುಕೊಂಡ್ರೆ ಅಲ್ಲಿ ಚಹಾ ಸಿಗುತ್ತೆ, ಮಂತ್ರಿ ಸಿಗಲ್ಲ.

ಓದೋ ಕ್ರಮ ಇಷ್ಟೇ. https:// ಬಿಟ್ಟುಬಿಡಿ. ಅಲ್ಲಿಂದ ಮುಂದೆ ಮೊದಲ ಓರೆಗೆರೆ ಎಲ್ಲಿ ಬರುತ್ತೋ ಅಲ್ಲಿ ಬೆರಳಿಡಿ. ಬೆರಳಿನ ಎಡಗಡೆ ಅಂಟಿಕೊಂಡಿರೋ ಕೊನೆಯ ತುಂಡುಗಳೇ ಮಾಲೀಕನ ಹೆಸರು. ಮೇಲಿನ ವಿಳಾಸದಲ್ಲಿ ಓರೆಗೆರೆಯ ಎಡಕ್ಕೆ ಇರೋದು scholarship-verify.example. ಅದರ ಮುಂಚೆ karnataka.gov.in ಅಂತ ಬರೆದಿರೋದು ಟೀ ಅಂಗಡಿಯ ಬೋರ್ಡು. ಆ ಮಾಲೀಕ ತನ್ನ ಹೆಸರಿನ ಹಿಂದೆ ಏನು ಬೇಕಾದ್ರೂ ಸೇರಿಸಿಕೊಳ್ಳಬಹುದು. ಚುಕ್ಕಿಯ ಜಾಗದಲ್ಲಿ ಅಡ್ಡಗೆರೆ ಹಾಕೋ ಇನ್ನೊಂದು ಆಟ ಉಂಟು. karnataka.gov.in ಬೇರೆ, karnataka-gov.in ಬೇರೆ. ಎರಡನೇದರ ಕೊನೆಯಲ್ಲಿ .in ಇದೆ, ಆದರೆ ಚುಕ್ಕಿ ಸಮೇತ .gov.in ಇಲ್ಲ. ಇನ್ನು ಬೀಗದ ಚಿತ್ರ ಇದೆ, https ಇದೆ ಅಂತ ಸಮಾಧಾನ ಪಟ್ಟುಕೊಳ್ಳೋರು ಇದ್ದಾರೆ. ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಯಾರೂ ಕದ್ದು ಕೇಳ್ತಿಲ್ಲ ಅನ್ನೋದಷ್ಟೇ ಅದರ ಅರ್ಥ. ಆ ಕಡೆ ಕೂತೋನೇ ಕಳ್ಳ ಆದ್ರೆ ಬೀಗ ಏನು ಮಾಡುತ್ತೆ?

ಮೋಸದ ಮೇಲ್ ಅಂದ್ರೆ ತಪ್ಪು ಕನ್ನಡ, ಗೂಗಲ್ ಅನುವಾದ, ಅದರಲ್ಲೇ ಕಂಡುಹಿಡೀಬಹುದು ಅಂತ ಒಂದು ಹಳೇ ಮಾತಿದೆ. ಬಿಟ್ಟುಬಿಡಿ ಅದನ್ನ. ಈ ಮೇಲ್‌ನ ಕನ್ನಡದಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ನಮ್ಮ ನಿಜವಾದ ಸರ್ಕಾರಿ ಸುತ್ತೋಲೆಗಳ ಕನ್ನಡವೇ ಇದಕ್ಕಿಂತ ಕೆಟ್ಟದಾಗಿರುತ್ತೆ, ಅದು ನಿಮಗೂ ಗೊತ್ತು.

ಅವಸರದ ಮಾತಿನ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ‘24 ಗಂಟೆ’, ‘ಅಂತಿಮ ಸೂಚನೆ’ ಅಂತ ಬಂದ್ರೆ ಹೆದರಬೇಡಿ, ಅದು ಮೋಸದ ಗುರುತು ಅಂತ ಎಲ್ಲರೂ ಹೇಳ್ತಾರೆ. ಯಾರಿಗೆ ಹೇಳ್ತಿದ್ದಾರೆ? ನಮ್ಮ ಮಕ್ಕಳ ಬದುಕೇ ಕೊನೆಯ ದಿನಾಂಕದ ಮೇಲೆ ನಿಂತಿದೆ. ಜಾತಿ ಪ್ರಮಾಣಪತ್ರಕ್ಕೆ ಕೊನೇ ದಿನ, ಹಾಸ್ಟೆಲ್ ಅರ್ಜಿಗೆ ಕೊನೇ ದಿನ, ಸರ್ವರ್ ಬಿದ್ದಿರೋ ಹೊತ್ತಲ್ಲೇ ಪರೀಕ್ಷಾ ಶುಲ್ಕಕ್ಕೆ ಕೊನೇ ದಿನ. ಒಂದು ದಿನ ತಪ್ಪಿದ್ದಕ್ಕೆ ಒಂದು ವರ್ಷ ಕಳಕೊಂಡ ಮಕ್ಕಳನ್ನ ನಾನು ನೋಡಿದೀನಿ. ಉಳ್ಳವರ ಮನೆಯ ಹುಡುಗನಿಗೆ ಆ ಮೇಲ್ ಬಂದಿದ್ರೆ ‘ನಾಳೆ ನೋಡಿದ್ರಾಯ್ತು’ ಅಂತ ಮಲಗ್ತಿದ್ದ. ಈ ಹುಡುಗಿಗೆ ಮಲಗೋಕೆ ಆಗಲ್ಲ. ಮೋಸಗಾರ ಬರೆದಿರೋ ಆ 24 ಗಂಟೆ ಅವಳ ದಡ್ಡತನವನ್ನ ನಂಬಿಕೊಂಡು ಬರೆದಿದ್ದಲ್ಲ, ಅವಳ ಅನುಭವವನ್ನ ನಂಬಿಕೊಂಡು ಬರೆದಿದ್ದು. ಹಾಗಾಗಿ ಒತ್ತಿದವರನ್ನ ಗುಂಪಲ್ಲಿ ‘ಓದಿದೋರಾಗಿ ಇಷ್ಟೂ ಗೊತ್ತಾಗಲ್ವಾ’ ಅಂತ ಅಣಕಿಸೋದು ಮೊದಲು ನಿಲ್ಲಬೇಕು. ಅಣಕಿಸಿದ್ರೆ ಮುಂದಿನ ಸಲ ಅವರು ಸ್ಕ್ರೀನ್‌ಶಾಟ್ ಕಳಿಸೋದೇ ಇಲ್ಲ, ಸುಮ್ಮನೆ ಒತ್ತುತ್ತಾರೆ.

ಅವಸರ ಇದೆಯೋ ಇಲ್ಲವೋ ಅನ್ನೋದಕ್ಕಿಂತ ನಾನು ಈಗ ನೋಡೋದು ಬೇರೆ ಎರಡು ವಿಷಯ. ಒಂದು, ಆ ಮೇಲ್ ಯಾರಿಗೆ ಬರೆದಿದ್ದು? ‘ಪ್ರಿಯ ವಿದ್ಯಾರ್ಥಿ’ ಅಂತಿದೆ. ಹೆಸರಿಲ್ಲ, ಅರ್ಜಿ ಸಂಖ್ಯೆ ಇಲ್ಲ, ಯಾವ ವರ್ಷದ ಅರ್ಜಿ ಅಂತಿಲ್ಲ, ಯಾವ ಬ್ಯಾಂಕು ಅಂತಿಲ್ಲ. ನಿಜವಾಗಲೂ ಅವಳ ಅರ್ಜಿ ತಡೆಹಿಡಿದೋರಿಗೆ ಅದು ಯಾರ ಅರ್ಜಿ ಅಂತ ಗೊತ್ತಿರಬೇಕಲ್ವಾ? ಎರಡು, ಆ ಲಿಂಕ್ ಬಿಟ್ಟು ಬೇರೆ ದಾರಿ ಬಿಟ್ಟಿದ್ದಾರಾ? ನಿಜವಾದ ನೋಟಿಸು ಎಷ್ಟೇ ಗದರಿಸಿದ್ರೂ ‘ತಾಲ್ಲೂಕು ಕಚೇರಿಯನ್ನು ಸಂಪರ್ಕಿಸಿ’, ‘ಬ್ಯಾಂಕ್ ಶಾಖೆಗೆ ಭೇಟಿ ನೀಡಿ’, ‘ಪೋರ್ಟಲ್‌ನಲ್ಲಿ ಲಾಗಿನ್ ಆಗಿ ನೋಡಿ’ ಅಂತ ಏನಾದ್ರೂ ಇರುತ್ತೆ. ಮೋಸದ ಮೇಲ್ ಊರಿನ ಎಲ್ಲಾ ಬಾಗಿಲು ಮುಚ್ಚಿ ಒಂದೇ ಬಾಗಿಲು ತೆರೆದಿಡುತ್ತೆ. ಯೋಚನೆ ಮಾಡೋಕೂ ಯಾರನ್ನಾದ್ರೂ ಕೇಳೋಕೂ ಬಿಡುವು ಸಿಗಬಾರದು ಅನ್ನೋದಕ್ಕೇ ಆ ಗಡುವು.

ಆ 10 ರೂಪಾಯಿ ಯಾಕೆ ಅಂತ ಕೆಲವರು ಕೇಳಿದ್ರು. ಅವರಿಗೆ ಬೇಕಿರೋದು 10 ರೂಪಾಯಿ ಅಲ್ಲ, ಅದರ ನೆಪದಲ್ಲಿ ನೀವು ತುಂಬೋ ಕಾರ್ಡ್ ನಂಬರ್, ಹಿಂಬದಿಯ ಮೂರಂಕಿ, ಆಮೇಲೆ ಓಟಿಪಿ. ಆ ಕಡೆ ಕೂತೋನು ಅದೇ ಹೊತ್ತಲ್ಲಿ ಬೇರೆ ದೊಡ್ಡ ಮೊತ್ತಕ್ಕೆ ನಿಮ್ಮ ಕಾರ್ಡ್ ಹಾಕಿರ್ತಾನೆ. ಓಟಿಪಿ ಬಂದ ಮೆಸೇಜಲ್ಲಿ ಸಾಮಾನ್ಯವಾಗಿ ಎಷ್ಟು ರೂಪಾಯಿಗೆ, ಯಾರಿಗೆ ಅಂತ ಬರೆದಿರುತ್ತೆ. ನಾವು ಆರಂಕಿ ಮಾತ್ರ ನೋಡಿ ತುಂಬುತ್ತೀವಿ, ಆ ಸಾಲು ಓದಲ್ಲ.

ಇಲ್ಲಿವರೆಗೆ ಹೇಳಿದ್ದು ಸಾವಿರಾರು ಜನಕ್ಕೆ ಒಟ್ಟಿಗೆ ಬೀಸಿದ ಬಲೆ. ನಮ್ಮಂಥ ಹೋರಾಟದ ಗುಂಪುಗಳಿಗೆ ಬೀಳೋದು ಇನ್ನೊಂದು ಥರದ್ದು. ಒಬ್ಬರ ಮೇಲೇ ಕಣ್ಣಿಟ್ಟು ಹೊಡೆಯೋ ಗಾಳ ಅದು, ಅದರಲ್ಲಿ ಹೆಸರೂ ಸರಿ ಇರುತ್ತೆ, ವಿಷಯವೂ ನಮ್ಮದೇ ಇರುತ್ತೆ. ಭೀಮಾ ಕೋರೆಗಾಂವ್ ಪ್ರಕರಣದ ರೋನಾ ವಿಲ್ಸನ್ ಅವರ ಕಥೆ ನಿಮಗೆ ಗೊತ್ತು. ಆದರೆ ಅದು ಒಂದು ಇಮೇಲ್ ಲಿಂಕಿನಿಂದ ಶುರುವಾಗಿದ್ದು ಅನ್ನೋದು ಎಷ್ಟೋ ಜನರ ಗಮನಕ್ಕೆ ಬಂದಿಲ್ಲ.

ಆರೋಪಿಗಳ ಪರ ವಕೀಲರ ಕೋರಿಕೆ ಮೇಲೆ ವಿಲ್ಸನ್ ಅವರ ಲ್ಯಾಪ್‌ಟಾಪ್‌ನ ಪ್ರತಿಯನ್ನ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಅನ್ನೋ ಡಿಜಿಟಲ್ ವಿಧಿವಿಜ್ಞಾನ ಸಂಸ್ಥೆ ಪರೀಕ್ಷೆ ಮಾಡ್ತು. ಅದರ ವರದಿ 2021ರ ಫೆಬ್ರವರಿಯಲ್ಲಿ ಹೊರಬಂತು. ವರದಿ ಹೇಳೋ ಪ್ರಕಾರ 2016ರ ಜೂನ್ 13ರಂದು ವಿಲ್ಸನ್ ಅವರಿಗೆ ವರವರ ರಾವ್ ಅವರ ಇಮೇಲ್ ಖಾತೆಯಿಂದ ಮೇಲ್‌ಗಳು ಬಂದವು. ಆ ಖಾತೆಯನ್ನ ಬಳಸ್ತಿದ್ದೋರು ಬೇರೆ ಯಾರೋ. ಒಂದು ದಾಖಲೆ ತೆರೆದು ನೋಡಿ ಅಂತ ಮತ್ತೆ ಮತ್ತೆ ಒತ್ತಾಯ ಇತ್ತು. ವಿಲ್ಸನ್ ಅಂದುಕೊಂಡಿದ್ದು ತಾನು ಡ್ರಾಪ್‌ಬಾಕ್ಸ್ ಲಿಂಕ್ ತೆರೀತಿದೀನಿ ಅಂತ. ಒಳಗಿನ ವಿಳಾಸ ಹೋಗ್ತಿದ್ದುದು ದಾಳಿಕೋರರ ಸರ್ವರ್‌ಗೆ. `another victory.rar` ಅನ್ನೋ ಆ ಕಡತದ ಮೂಲಕ ನೆಟ್‌ವೈರ್ ಅನ್ನೋ ಬೇಹು ತಂತ್ರಾಂಶ ಲ್ಯಾಪ್‌ಟಾಪಿಗೆ ಇಳೀತು. ಕಣ್ಣೆದುರಿಗೆ ಒಂದು ಸಾದಾ ದಾಖಲೆ ತೆರೆದುಕೊಂಡಿದ್ದರಿಂದ ಅನುಮಾನ ಬರೋ ಸಂದರ್ಭವೇ ಇರಲಿಲ್ಲ. ಸುಮಾರು 22 ತಿಂಗಳು ಆ ಕಂಪ್ಯೂಟರ್ ಬೇರೆಯವರ ಹಿಡಿತದಲ್ಲಿತ್ತು, ಪ್ರಕರಣದಲ್ಲಿ ಸಾಕ್ಷ್ಯ ಅಂತ ತೋರಿಸಿದ ಪತ್ರಗಳನ್ನ ಹಾಗೇ ಒಳಗೆ ಇಡಲಾಗಿದೆ ಅಂತ ವರದಿ ಹೇಳುತ್ತೆ. ಎನ್‌ಐಎ ಇದನ್ನ ಒಪ್ಪಿಲ್ಲ. ವಿಲ್ಸನ್ ಬಂಧನ ಆಗಿದ್ದು 2018ರ ಜೂನ್‌ನಲ್ಲಿ, ಬಾಂಬೆ ಹೈಕೋರ್ಟ್ ಜಾಮೀನು ಕೊಟ್ಟಿದ್ದು 2025ರ ಜನವರಿಯಲ್ಲಿ. ನೆಟ್‌ವೈರ್ ಅನ್ನೋದು ಯಾವುದೋ ದೇಶದ ರಹಸ್ಯ ಅಸ್ತ್ರವೂ ಅಲ್ಲ. ದುಡ್ಡು ಕೊಟ್ಟವರಿಗೆ ಸಿಗ್ತಿದ್ದ ಸರಕು, 2023ರ ಮಾರ್ಚ್‌ನಲ್ಲಿ ಎಫ್‌ಬಿಐ ಅದನ್ನ ಮಾರ್ತಿದ್ದ ವೆಬ್‌ಸೈಟನ್ನ ಜಪ್ತಿ ಮಾಡ್ತು.

ಇದು ಒಬ್ಬರದೇ ಕಥೆ ಅಲ್ಲ. 2020ರ ಜೂನ್‌ನಲ್ಲಿ ಆಮ್ನೆಸ್ಟಿ ಮತ್ತು ಕೆನಡಾದ ಸಿಟಿಜನ್ ಲ್ಯಾಬ್ ಸೇರಿ ಪ್ರಕಟಿಸಿದ ವರದಿಯಲ್ಲಿ, 2019ರ ಜನವರಿಯಿಂದ ಅಕ್ಟೋಬರ್ ನಡುವೆ ನಮ್ಮ ದೇಶದ ಒಂಬತ್ತು ಹಕ್ಕುಗಳ ಕಾರ್ಯಕರ್ತರಿಗೆ ಇಂಥದೇ ಮೇಲ್‌ಗಳು ಬಂದಿದ್ದು ದಾಖಲಾಗಿದೆ. ವಕೀಲರು, ಪ್ರಾಧ್ಯಾಪಕರು, ಛತ್ತೀಸಗಢದಲ್ಲಿ ದಲಿತ ಆದಿವಾಸಿಗಳ ನಡುವೆ ಕೆಲಸ ಮಾಡೋ ಡಿಗ್ರಿ ಪ್ರಸಾದ್ ಚೌಹಾಣ್ ಅದರಲ್ಲಿ ಇದ್ದರು. ಪಿಡಿಎಫ್ ಥರ ವೇಷ ಹಾಕಿದ ಕಡತ, ಒಳಗೆ ಅದೇ ನೆಟ್‌ವೈರ್.

ಈಗ ಈ ವಿಲ್ಸನ್ ಮೇಲ್‌ನ ಸ್ಕ್ರೀನ್‌ಶಾಟ್ ನಮ್ಮ ಗುಂಪಿಗೆ ಬಂದಿದ್ರೆ ನಾವು ಏನು ಹೇಳ್ತಿದ್ವಿ ಅಂತ ನಾನು ಯೋಚನೆ ಮಾಡ್ತೀನಿ. ಕಳಿಸಿದವರ ಹೆಸರು ಸರಿ. ಬಾಣ ಒತ್ತಿ ನೋಡಿದ್ರೆ ವಿಳಾಸವೂ ಸರಿ, ಯಾಕಂದ್ರೆ ಖಾತೆಯೇ ಅವರದು. ಬರಹ ನಮ್ಮ ಸಂಗಾತಿಗಳ ಬರಹದ ಹಾಗೇ. ಗಡುವು ಇಲ್ಲ, ದುಡ್ಡಿನ ಮಾತಿಲ್ಲ. ‘ಖರೇ ಐತಿ’ ಅಂತಲೇ ಹೇಳ್ತಿದ್ವಿ. ಆ ಚಿತ್ರದಲ್ಲಿ ಸಿಗಬಹುದಾದ ಸುಳಿವು ಎರಡೇ: ‘ತೆರೆದು ನೋಡಿದ್ಯಾ, ತೆರೆದು ನೋಡು’ ಅನ್ನೋ ಒತ್ತಾಯ, ಮತ್ತೆ ಡ್ರಾಪ್‌ಬಾಕ್ಸ್ ಅನ್ನೋ ಬರಹದ ಹಿಂದಿನ ವಿಳಾಸ. ಎರಡನೇದು ಸ್ಕ್ರೀನ್‌ಶಾಟಲ್ಲಿ ಬರೋದೇ ಇಲ್ಲ, ಬೆರಳು ಒತ್ತಿ ಹಿಡಿದ್ರೆ ಮಾತ್ರ ಕಾಣೋದು. ಮೊದಲನೇದಕ್ಕೆ ಮದ್ದು ಒಂದೇ, ಆ ಮೇಲ್‌ಗೆ ಉತ್ತರ ಬರೀದೆ ನೇರ ಫೋನ್ ಹಚ್ಚಿ ‘ಅಣ್ಣಾ, ನೀವೇ ಕಳಿಸಿದ್ದಾ?’ ಅಂತ ಧ್ವನಿ ಕೇಳೋದು. ಮೇಲ್‌ಗೇ ಉತ್ತರ ಬರೆದ್ರೆ ‘ಹೌದು ನಾನೇ’ ಅಂತ ಹೇಳೋನು ಖಾತೆಯೊಳಗೆ ಕೂತ ಕಳ್ಳ.

ನಮ್ಮ ಗುಂಪಲ್ಲಿ ಈಗ ಒಂದು ಕಟ್ಟು ಮಾಡಿಕೊಂಡಿದೀವಿ. ಯಾರಾದ್ರೂ ‘ಇದು ಖರೇನಾ’ ಅಂತ ಒಂದು ಸ್ಕ್ರೀನ್‌ಶಾಟ್ ಹಾಕಿದ್ರೆ ಯಾರೂ ಹೌದು ಅಂತಾನೂ ಹೇಳಬಾರದು, ಅಲ್ಲ ಅಂತಾನೂ ಹೇಳಬಾರದು. ಕಳಿಸಿದವರ ವಿಳಾಸ ಬಿಚ್ಚಿದ ಚಿತ್ರ ಒಂದು, ಲಿಂಕ್ ಒತ್ತಿ ಹಿಡಿದ ಚಿತ್ರ ಒಂದು, ಎರಡೂ ಬಂದ ಮೇಲೆ ಮಾತು. ಮೇಲನ್ನೇ ಫಾರ್ವರ್ಡ್ ಮಾಡಬಾರದು, ಯಾಕಂದ್ರೆ ಚಿತ್ರ ಯಾರನ್ನೂ ಕಚ್ಚಲ್ಲ, ಫಾರ್ವರ್ಡ್ ಮಾಡಿದ ಮೇಲ್‌ನಲ್ಲಿ ಲಿಂಕ್ ಜೀವಂತ ಇರುತ್ತೆ. ಚಿತ್ರದಲ್ಲಿ ಆಧಾರ್ ನಂಬರ್, ಅರ್ಜಿ ಸಂಖ್ಯೆ ಇದ್ರೆ ಮುಚ್ಚಿ ಕಳಿಸಬೇಕು. ಲಿಂಕಿನ ಜಾಗದಲ್ಲಿ ‘ಇಲ್ಲಿ ಒತ್ತಿ’ ಅನ್ನೋ ಗುಂಡಿ ಇದ್ರೂ ಅದೇ ಲೆಕ್ಕ, ಒತ್ತಿ ಹಿಡಿದ್ರೆ ವಿಳಾಸ ಸಿಗುತ್ತೆ. ಅಲ್ಲೂ ಗುರುತು ಸಿಗದ ಸಣ್ಣ ಕೊಂಡಿ ಇದ್ರೆ, ಆ ಮೇಲ್ ಬಿಟ್ಟು ಪೋರ್ಟಲ್ ವಿಳಾಸವನ್ನ ನಾವೇ ಟೈಪ್ ಮಾಡಿ ಒಳಗೆ ಹೋಗಿ ನೋಡೋದು.

ಅವತ್ತು ನಾನು ಅರ್ಧ ಸರಿಯಾದ ಕೆಲಸ ಮಾಡಿದ್ದೆ ಅಂತ ಆಮೇಲೆ ಹೊಳೀತು. ಕೈಯಲ್ಲಿ ಟೈಪ್ ಮಾಡಿ ನಿಜವಾದ ಪೋರ್ಟಲ್‌ಗೇ ಹೋಗಿದ್ದೆ. ಅಲ್ಲಿಂದಲೇ ಅವಳಿಗೆ "ಲಿಂಕ್ ಬೇಡ, ಹಿಂಗೇ ಟೈಪ್ ಮಾಡಿ ಹೋಗು" ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು.

ಅದೇ ರಾತ್ರಿ ಪೋರ್ಟಲ್‌ನ ಪಾಸ್‌ವರ್ಡ್ ಬದಲಿಸಿದ್ವಿ. ಅದೇ ಪಾಸ್‌ವರ್ಡನ್ನ ಇಮೇಲ್‌ಗೂ ಇಟ್ಟುಕೊಂಡಿದ್ದಳು, ಅದನ್ನೂ ಬದಲಿಸಿದ್ವಿ. ಆಧಾರ್ ನಂಬರ್ ವಾಪಸ್ ತಗೊಳ್ಳೋಕೆ ಆಗಲ್ಲ, ಹಾಗಾಗಿ ಯುಐಡಿಎಐ ಸೈಟಲ್ಲಿ ಬೆರಳಚ್ಚಿಗೆ ಬೀಗ ಹಾಕಿದ್ವಿ. ದುಡ್ಡು ಹೋಗಿದ್ರೆ ಮೊದಲು 1930ಕ್ಕೆ ಫೋನ್ ಮಾಡಬೇಕಿತ್ತು, ಆಮೇಲೆ cybercrime.gov.in ನಲ್ಲಿ ದೂರು. ಎಷ್ಟು ಬೇಗ ಫೋನ್ ಹೋಗುತ್ತೋ ಅಷ್ಟು ದುಡ್ಡು ಬ್ಯಾಂಕಲ್ಲೇ ತಡೆಯೋಕೆ ಅವಕಾಶ ಇರುತ್ತೆ, ಬೆಳಗಾಗಲಿ ಅಂತ ಕಾಯಬಾರದು.

ಮಾರನೇ ದಿನ ಅವಳು ತಾನೇ ವಿಳಾಸ ಟೈಪ್ ಮಾಡಿ ಪೋರ್ಟಲ್ ಒಳಗೆ ಹೋಗಿ ನೋಡಿದಳು. ಆಧಾರ್ ಜೋಡಣೆ ಸರಿಯಾಗೇ ಇದೆ. ಅರ್ಜಿ ಮಾತ್ರ ಪರಿಶೀಲನೆಯಲ್ಲೇ ನಿಂತಿದೆ, ದುಡ್ಡು ಬಂದಿಲ್ಲ. ಅದನ್ನ ಕೇಳೋಕೆ ಸೋಮವಾರ ಅವಳ ಜೊತೆ ಕಚೇರಿಗೆ ಹೋಗ್ತಿದೀನಿ. ಇದೇ ಸಮಸ್ಯೆ ಇರೋ ನಮ್ಮ ಕಡೆಯ ಮಕ್ಕಳಿದ್ರೆ ಅರ್ಜಿ ಸಂಖ್ಯೆಯನ್ನ ಚೀಟಿಯಲ್ಲಿ ಬರೆದುಕೊಂಡು ಬನ್ನಿ, ಇಲ್ಲಿ ಕಾಮೆಂಟಲ್ಲಿ ಹಾಕಬೇಡಿ.

ಜೈ ಭೀಮ್.